ಹಾಡು ಮುಗಿದ ಮೇಲಿನ ಐದು ನಿಮಿಷ

ಹೋದ ವರ್ಷ ಆಷಾಢದಲ್ಲಿ ಹಾಸನದ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಮಹಡಿ ಕೋಣೆಯಿಂದ ಒಂದೇ ಹಾಡು, ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅಕ್ಕನ ಮಗಳು ಹತ್ತು ದಿನ ರಜೆ ಹಾಕಿ ಬಂದು ಕೂತಿದ್ದಳು. ನಾಲ್ಕು ವರ್ಷದ ಪ್ರೀತಿ ಮುರಿದುಬಿದ್ದಿತ್ತು. ಹುಡುಗ ಬೇರೆ ಕಡೆ ಮದುವೆಗೆ ಒಪ್ಪಿಕೊಂಡಿದ್ದ.

ಅಕ್ಕ ಅಡುಗೆಮನೆಯಿಂದಲೇ ಗೊಣಗುತ್ತಿದ್ದಳು. “ಅಳೋದು ಸಾಲದು ಅಂತ ಅಳಿಸೋ ಹಾಡು ಬೇರೆ. ಅದೇನು ಗಾಯಕ್ಕೆ ಉಪ್ಪು ಸವರಿಕೊಳ್ಳೋ ಖಯಾಲಿಯೋ! ನೀನಾದ್ರೂ ಹೇಳೋ, ಏನಾದ್ರೂ ಖುಷಿಯಾಗಿರೋದು ಹಾಕ್ಕೊಳ್ಲಿ.”

ಮೇಲೆ ಹೋಗಿ ಹೇಳಿದೆ. ಅವಳು ತಲೆಯೆತ್ತದೆ ಅಂದಳು: “ಖುಷಿ ಹಾಡು ಹಾಕಿದ್ರೆ ಇನ್ನೂ ಸಂಕಟ ಆಗುತ್ತೆ ಮಾಮ. ಇದು ಕೇಳಿದ್ರೆ ಪರವಾಗಿಲ್ಲ ಅನ್ಸುತ್ತೆ.”

ಅಮ್ಮನ ಮಾತಿನಲ್ಲಿ ತರ್ಕವಿತ್ತು, ಮಗಳ ಮಾತಿನಲ್ಲಿ ಅನುಭವವಿತ್ತು. ಇಬ್ಬರಲ್ಲಿ ಯಾರು ಸರಿ ಎನ್ನುವ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಕಳೆದ ಎರಡು ದಶಕಗಳಿಂದ ಸಾಕಷ್ಟು ಕೆದಕಿದ್ದಾರೆ. ಉತ್ತರ ಒಂದೇ ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಇಬ್ಬರೂ ಸರಿಯಿರುವ ಸಾಧ್ಯತೆಯಿದೆ, ಆದರೆ ಒಂದೇ ಹೊತ್ತಿನಲ್ಲಲ್ಲ.

ಕಳೆದುಕೊಂಡದ್ದು ಏನನ್ನು?

ದುಃಖದಲ್ಲಿರುವವರೆಲ್ಲ ದುಃಖದ ಹಾಡನ್ನೇ ಹುಡುಕುವುದಿಲ್ಲ. ಚಾನ್ ಜೀನ್ ಲೀ, ಎಡ್ವಾರ್ಡೊ ಆಂಡ್ರೇಡ್ ಮತ್ತು ಸ್ಟೀಫನ್ ಪಾಮರ್ ಎಂಬ ಮೂವರು ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನೇ ಹಿಡಿದು ನೋಡಿತು. ಸ್ಪರ್ಧೆಯೊಂದರಲ್ಲಿ ಸೋಲುವುದೂ ನಷ್ಟವೇ, ಆಪ್ತರೊಬ್ಬರ ಸಂಬಂಧ ಕಡಿದುಹೋಗುವುದೂ ನಷ್ಟವೇ. ಎರಡರಲ್ಲೂ ಮನಸ್ಸು ಕುಗ್ಗುತ್ತದೆ. ಆದರೆ ದುಃಖದ ಸಂಗೀತದ ಕಡೆಗಿನ ಸೆಳೆತ ಎರಡನೆಯ ಬಗೆಯ ನಷ್ಟದಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಅಂದರೆ ಜನ ಸುಮ್ಮನೆ ತಮ್ಮ ಬೇಸರಕ್ಕೆ ಹೊಂದುವ ಬಣ್ಣ ಆರಿಸುತ್ತಿರಲಿಲ್ಲ. ಮನುಷ್ಯ ಹೋದ ಜಾಗದಲ್ಲಿ ಇನ್ನೊಬ್ಬ ಮನುಷ್ಯನನ್ನು, ಒಂದು ದನಿಯನ್ನು ಹುಡುಕುತ್ತಿದ್ದರು.

ಸಾವಿನ ಮನೆಗೆ ಹೋದವರು ಏನು ಮಾಡುತ್ತಾರೆ ಎಂದು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಾಗಿಲಲ್ಲೇ ಜೋಕು ಹೇಳುವವನನ್ನು ಯಾರೂ ಸಹಿಸುವುದಿಲ್ಲ. ಪಕ್ಕದಲ್ಲಿ ಕೂತು ತಾನೂ ಕಣ್ಣೊರೆಸಿಕೊಳ್ಳುವವರು ಬೇಕು. ಆ ಹೊತ್ತಿನಲ್ಲಿ ಕುಣಿಸುವ ಹಾಡು ಬಾಗಿಲಲ್ಲಿ ಜೋಕು ಹೇಳಿದ ಹಾಗೆ, ವಿರಹದ ಹಾಡು ಪಕ್ಕದಲ್ಲಿ ಬಂದು ಕೂತ ಹಾಗೆ. ಜೊತೆಗೆ ಹಾಡಿಗೆ ಒಂದು ಅನುಕೂಲವಿದೆ. ನಿಜವಾದ ಗೆಳತಿ ಹತ್ತು ನಿಮಿಷ ಕೇಳಿ “ನಾನಂತೂ ಮೊದಲೇ ಹೇಳಿದ್ದೆ” ಎಂದುಬಿಡಬಹುದು. ಹಾಡು ಹಾಗನ್ನುವುದಿಲ್ಲ. ಅದು ಪ್ರಶ್ನೆ ಕೇಳುವುದಿಲ್ಲ, ತಪ್ಪು ಯಾರದು ಎಂದು ತೀರ್ಪನ್ನೂ ಕೊಡುವುದಿಲ್ಲ.

ಒಂದು ಮನೆ ಎಡಕ್ಕೆ

ಹಾಡು ಹೀಗೆ ಮನುಷ್ಯನ ಜಾಗದಲ್ಲಿ ಬಂದು ಕೂರುವುದು ಹೇಗೆ? ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಒಂದು ಪ್ರಯೋಗ ಮಾಡಿ ನೋಡಬಹುದು, ಕೀಬೋರ್ಡ್ ಆದರೂ ಸರಿ. ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಬಿಳಿ ಒಂದು, ಎರಡು, ಮೂರು, ಐದು, ಆರು ಎಂದು ಒತ್ತುತ್ತಾ ಹೋಗಿ. ಅದು ಮೋಹನ ರಾಗ, ಎಳೆಬಿಸಿಲಿನ ಹಾಗೆ ತೆರೆದುಕೊಳ್ಳುತ್ತದೆ. ಈಗ ಬಿಳಿ ಮೂರನ್ನು ಬಿಟ್ಟು ಅದರ ಎಡಕ್ಕೇ ಇರುವ ಕಪ್ಪು ಎರಡನ್ನು ಒತ್ತಿ. ಉಳಿದ ನಾಲ್ಕು ಸ್ವರಗಳು ಇದ್ದಲ್ಲೇ ಇರಲಿ. ಗಾಂಧಾರ ಒಂದೇ ಒಂದು ಮನೆ ಕೆಳಗಿಳಿಯಿತು, ಮೋಹನ ಹೋಗಿ ಶಿವರಂಜನಿಯಾಯಿತು. ನಮ್ಮ ಸಿನಿಮಾ ಸಂಗೀತ ನಿರ್ದೇಶಕರು ಅಗಲಿಕೆಯ ಸನ್ನಿವೇಶ ಬಂದಾಗಲೆಲ್ಲ ಕೈಚಾಚುವ ರಾಗ ಅದು.

ಸ್ವರ ತಗ್ಗಿದ್ದು ಮಾತ್ರವೇ ಕಾರಣ ಎಂದುಕೊಳ್ಳಬೇಡಿ. ಶಿವರಂಜನಿಯನ್ನು ಬಿರುಸಿನ ನಡೆಯಲ್ಲಿ ಡೋಲಕ್ ಜೊತೆ ನುಡಿಸಿದರೆ ಅಳು ಬರುವುದಿಲ್ಲ. ನಿಧಾನದ ಲಯ, ತಗ್ಗಿದ ದನಿ, ಸ್ವರದಿಂದ ಸ್ವರಕ್ಕೆ ಜಿಗಿಯದೆ ಜಾರುವ ನಡೆ, ಸಾಲಿನ ಕೊನೆಯಲ್ಲಿ ಕೆಳಕ್ಕಿಳಿಯುವ ಉಸಿರು ಎಲ್ಲ ಸೇರಬೇಕು. ದುಃಖದಲ್ಲಿರುವ ಮನುಷ್ಯ ಮಾತಾಡುವುದೂ ಹೀಗೆಯೇ. ನಿಧಾನವಾಗಿ, ಮೆತ್ತಗೆ, ವಾಕ್ಯದ ಕೊನೆ ನುಂಗಿಕೊಂಡು. ಸ್ವೀಡನ್ನಿನ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕಾ ಭಾವ ತುಂಬಿದ ಮಾತಿನ ಮೇಲೆ, ಸಂಗೀತದ ಮೇಲೆ ನಡೆದಿದ್ದ ಹತ್ತಾರು ಅಧ್ಯಯನಗಳನ್ನು 2003ರಲ್ಲಿ ಒಟ್ಟಿಗಿಟ್ಟು ನೋಡಿದಾಗ ಎರಡರ ಗುರುತುಗಳೂ ಬಹುಮಟ್ಟಿಗೆ ಒಂದೇ ಆಗಿದ್ದವು. ಅದಕ್ಕೂ ಮೊದಲು, 1999ರಲ್ಲಿ, ಹಿಂದುಸ್ತಾನಿ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರು ರಾಗಗಳನ್ನು ಕೇಳಿ ಇದು ಸಂತೋಷದ್ದು, ಇದು ದುಃಖದ್ದು ಎಂದು ಗುರುತಿಸಿದ್ದನ್ನು ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ದಾಖಲಿಸಿದ್ದರು. ರಾಗದ ಹೆಸರು ಗೊತ್ತಿಲ್ಲದವರಿಗೂ ಅಳುವ ದನಿ ಗೊತ್ತಾಗುತ್ತದೆ.

ಹಾಗಾಗಿ ಮಹಡಿಯ ಕೋಣೆಯಲ್ಲಿ ಕೂತವಳ ಕಿವಿಗೆ ಬೀಳುತ್ತಿದ್ದದ್ದು ಬರೀ ರಾಗವಲ್ಲ. ತನ್ನಂತೆಯೇ ನೊಂದ ಯಾರೋ ಒಬ್ಬರು ಹತ್ತಿರದಲ್ಲೇ ಇದ್ದಾರೆ ಎಂಬ ಸುದ್ದಿ.

ಅಳು ಬಂತು, ಆದರೆ ದುಃಖವಲ್ಲ

ಅಳಿಸುವ ಹಾಡು ದುಃಖವನ್ನು ಹೆಚ್ಚಿಸಲೇಬೇಕು ಎಂದು ಅಕ್ಕನ ಲೆಕ್ಕ. ಲಿಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಶ್ 2014ರಲ್ಲಿ ಬೇರೆ ಬೇರೆ ದೇಶಗಳ 772 ಜನರನ್ನು ಈ ಬಗ್ಗೆ ಕೇಳಿದರು. ದುಃಖದ ಸಂಗೀತ ಕೇಳುವಾಗ ನಿಮಗೆ ಏನನ್ನಿಸುತ್ತದೆ? ಅತಿ ಹೆಚ್ಚು ಜನ ಹೇಳಿದ್ದು ದುಃಖವನ್ನಲ್ಲ, ಹಳೆಯದನ್ನು ನೆನೆದಾಗ ಆಗುವ ಆ ಹಿತವಾದ ನೋವನ್ನು. ಅದರ ಜೊತೆಗೆ ನೆಮ್ಮದಿ, ಮಾರ್ದವತೆಯಂಥ ಭಾವಗಳೂ ಬೆರೆತಿದ್ದವು. ಇಂಥ ಹಾಡನ್ನು ಯಾವಾಗ ಕೇಳುತ್ತೀರಿ ಎಂದರೆ, ಮನಸ್ಸು ನೊಂದಾಗ ಮತ್ತು ಒಂಟಿ ಅನ್ನಿಸಿದಾಗ ಎಂದರು. ಹಾಡಿನ ದುಃಖಕ್ಕೆ ನಿಜ ಬದುಕಿನ ಪರಿಣಾಮಗಳಿಲ್ಲ ಎನ್ನುವುದೂ ಅವರು ಕಂಡುಕೊಂಡಿದ್ದ ಲಾಭಗಳಲ್ಲೊಂದು. ಹಾಡಿನಲ್ಲಿ ಯಾರು ಯಾರನ್ನು ಬಿಟ್ಟುಹೋದರೂ ಕೇಳುವವಳು ನಾಳೆ ಯಾರಿಗೂ ಉತ್ತರ ಕೊಡಬೇಕಿಲ್ಲ.

ಈ ಮಾತು ಕನ್ನಡದ ಓದುಗರಿಗೆ ಪೂರ್ತಿ ಹೊಸದಲ್ಲ. ಕರುಣರಸ ನೋವಿನಿಂದ ಹುಟ್ಟಿದ್ದಾದರೂ ಸಹೃದಯ ಅದನ್ನು ಮತ್ತೆ ಮತ್ತೆ ಬಯಸುವುದೇಕೆ ಎಂಬ ಚರ್ಚೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಸಾವಿರ ವರ್ಷದಿಂದ ನಡೆದಿದೆ. ಭಟ್ಟನಾಯಕ ಅದಕ್ಕೆ ಕೊಟ್ಟ ಉತ್ತರ ಸಾಧಾರಣೀಕರಣ. ನೋವು “ನನ್ನದು” ಅಥವಾ “ಅವನದು” ಎಂಬ ಗುರುತು ಕಳಚಿಕೊಂಡು ಎಲ್ಲರದೂ ಆಗುತ್ತದೆ, ಆಗ ಅದನ್ನು ಅನುಭವಿಸಬಹುದು, ಆದರೆ ಅದು ಕಡಿಯುವುದಿಲ್ಲ. ಪ್ರೀತಿ ಕಳೆದುಕೊಂಡವಳಿಗೆ ಇದು ಸಣ್ಣ ಸಮಾಧಾನವಲ್ಲ. ಬೆಳಗಿನಿಂದ ಅವಳ ತಲೆಯಲ್ಲಿ ಇರುವುದು “ನನಗೇ ಯಾಕೆ ಹೀಗಾಯಿತು” ಎಂಬ ಒಂದೇ ಪ್ರಶ್ನೆ. ತಾನು ಹುಟ್ಟುವ ಮೊದಲೇ ಯಾರೋ ಬರೆದ ಹಾಡು ತನ್ನ ಕಥೆಯನ್ನೇ ಹೇಳಿದಾಗ “ನನಗೇ” ಎನ್ನುವ ಆ ಒತ್ತು ಸ್ವಲ್ಪ ಸಡಿಲವಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ದುಃಖದ ಹಾಡು ಕೇಳಿದರೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸುರಿದು ಸಾಂತ್ವನ ಕೊಡುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಸಂಗೀತ ವಿದ್ವಾಂಸ ಡೇವಿಡ್ ಹ್ಯೂರನ್ 2011ರಲ್ಲಿ ಹಾಗಿರಬಹುದೇನೋ ಎಂದು ಊಹಿಸಿದ್ದು ನಿಜ. ಆದರೆ ಮುಂದೆ 2021ರಲ್ಲಿ ಕೇಳುಗರ ರಕ್ತ ಪರೀಕ್ಷಿಸಿ ನೋಡಿದ ಅಧ್ಯಯನಕ್ಕೆ ಆ ಏರಿಕೆ ಸಿಗಲಿಲ್ಲ. ಹಾರ್ಮೋನಿನ ಕಥೆ ಚೆನ್ನಾಗಿದೆ, ಸದ್ಯಕ್ಕೆ ಅದು ಕಥೆಯೇ.

ಅಳಿಸುವ ಹಾಡಲ್ಲ, “ನಮ್ಮ ಹಾಡು”

ಮೂರನೆಯ ದಿನ ಸಂಜೆ ಅಕ್ಕನ ಮಗಳು ಕೆಳಗಿಳಿದು ಬಂದು ನಮ್ಮೊಂದಿಗೆ ಕಾಫಿ ಕುಡಿಯುತ್ತಿದ್ದಳು. ಮುಖ ಗೆಲುವಾಗಿತ್ತು. ಪಕ್ಕದ ಮನೆಯ ರೇಡಿಯೊದಲ್ಲಿ ಒಂದು ಹಾಡು ಶುರುವಾಯಿತು, ಕುಣಿಯುವ ಲಯದ ತಮಾಷೆಯ ಹಾಡು. ಅವಳು ಲೋಟ ಅಲ್ಲೇ ಇಟ್ಟು ಎದ್ದುಹೋದಳು. ಆ ರಾತ್ರಿ ಊಟಕ್ಕೂ ಬರಲಿಲ್ಲ. ಆಮೇಲೆ ತಿಳಿಯಿತು, ಅದು ಅವರಿಬ್ಬರೂ ಬೈಕಿನಲ್ಲಿ ಸಕಲೇಶಪುರದ ಘಾಟಿಗೆ ಹೋಗುವಾಗ ಕೂಗಿ ಹಾಡುತ್ತಿದ್ದ ಹಾಡಂತೆ.

ಮೂರು ದಿನ ಕೇಳಿದ ಶೋಕಗೀತೆ ಮಾಡದಿದ್ದ ಗಾಯವನ್ನು ಒಂದು ತಮಾಷೆಯ ಹಾಡು ಮೂರು ನಿಮಿಷದಲ್ಲಿ ಮಾಡಿತ್ತು. ಮನಶ್ಶಾಸ್ತ್ರಜ್ಞೆ ಆನ್ಮೀಕ್ ವಾನ್ ಡೆನ್ ಟೋಲ್ ಮತ್ತು ಜೇನ್ ಎಡ್ವರ್ಡ್ಸ್ ಈ ವಿಷಯವನ್ನು ಬಿಡಿಸಿ ನೋಡಿದ್ದಾರೆ. ನೊಂದವರು ಹಾಡು ಆರಿಸುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿರುತ್ತವೆ. ಹಾಡು ತಮ್ಮ ಸ್ಥಿತಿಗೆ ಹೊಂದುತ್ತದೆ, ಅದರ ಮಾತಿನಲ್ಲಿ ಒಂದು ಅರ್ಥ ಸಿಗುತ್ತದೆ, ಅದು ಹಳೆಯ ನೆನಪನ್ನು ಎಬ್ಬಿಸುತ್ತದೆ, ಇಲ್ಲವೇ ಅದು ಸುಮ್ಮನೆ ಸುಂದರವಾಗಿದೆ. ಮನಸ್ಸು ಹಗುರಾಗುವುದಕ್ಕೂ ಈ ಆಯ್ಕೆಗೂ ನಂಟು ಅತ್ಯಂತ ಗಟ್ಟಿಯಾಗಿ ಕಂಡದ್ದು ಕೊನೆಯದರಲ್ಲಿ, ಅಂದರೆ ಹಾಡಿನ ಸೌಂದರ್ಯಕ್ಕಾಗಿಯೇ ಅದನ್ನು ಆರಿಸಿದಾಗ.

ನೆನಪಿನ ಹಾಡು ಹೀಗೆ ಚುಚ್ಚುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರೀತಿಯಲ್ಲಿ ತಿರಸ್ಕೃತರಾದ 15 ಜನರ ಮಿದುಳನ್ನು, ಬಿಟ್ಟುಹೋದವರ ಫೋಟೊ ತೋರಿಸಿ, ಸ್ಕ್ಯಾನ್ ಮಾಡಿದರು. ಚುರುಕಾದ ಭಾಗಗಳಲ್ಲಿ ವ್ಯಸನಿಗಳಲ್ಲಿ ಚಟದ ಹಂಬಲ ಎದ್ದಾಗ ಚುರುಕಾಗುವ ಭಾಗಗಳೂ ಇದ್ದವು. ಬಿಟ್ಟುಹೋಗಿ ಹೆಚ್ಚು ದಿನವಾದವರಲ್ಲಿ, ಬಾಂಧವ್ಯಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಿತ್ತು. ಅಂದರೆ ಈ ಹಂಬಲ ಕಾಲ ಕಳೆದಂತೆ ಇಳಿಯುವಂಥದ್ದು. “ನಮ್ಮ ಹಾಡು” ಆ ಫೋಟೊ ಇದ್ದ ಹಾಗೆ. ಹಾಡಿದವರು ಯಾರು, ರಾಗ ಯಾವುದು ಎಂಬುದು ಅಲ್ಲಿ ಮುಖ್ಯವಲ್ಲ, ಅದು ಅವನನ್ನೇ ತಂದು ಎದುರಿಗೆ ನಿಲ್ಲಿಸುತ್ತದೆ.

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತ ಮಾಡುವ ಒಂದು ಭೇದ ಇಲ್ಲಿ ಅಚ್ಚರಿಯಾಗುವಷ್ಟು ಉಪಯೋಗಕ್ಕೆ ಬರುತ್ತದೆ. ಅಗಲಿದವರ ನೋವು ಎರಡು ಬಗೆ. ವಿಪ್ರಲಂಭ ಶೃಂಗಾರದಲ್ಲಿ ನೋವಿನ ಒಳಗೆ ಮತ್ತೆ ಸೇರುವ ಆಸೆ ಇರುತ್ತದೆ, ಅದು ಸಾಪೇಕ್ಷ. ಕರುಣದಲ್ಲಿ ಆ ಆಸೆಯಿಲ್ಲ, ಅದು ನಿರಪೇಕ್ಷ. ಮೇಲ್ನೋಟಕ್ಕೆ ಎರಡರಲ್ಲೂ ಕಣ್ಣೀರು, ನಿಟ್ಟುಸಿರು, ಸೊರಗುವಿಕೆ ಒಂದೇ ತರಹ. ಆಸೆಯೊಂದೇ ವ್ಯತ್ಯಾಸ. ಪ್ರೇಮಭಂಗವಾದವರು ಸಿಕ್ಕಿಹಾಕಿಕೊಳ್ಳುವುದು ಈ ಎರಡರ ನಡುವಿನ ಹೊಸ್ತಿಲಲ್ಲಿ. ನಡೆದಿರುವುದು ಕರುಣ, ಮನಸ್ಸು ಇನ್ನೂ ವಿಪ್ರಲಂಭದಲ್ಲೇ ಇದೆ. “ಬಾ, ಕಾಯುತ್ತಿದ್ದೇನೆ” ಎನ್ನುವ ಹಾಡನ್ನೇ ಆರಿಸಿ ಕೇಳುತ್ತಿದ್ದರೆ ಅದು ಕಾಯುವುದನ್ನು ಚಾಲ್ತಿಯಲ್ಲಿಡುತ್ತದೆ. “ಮುಗಿಯಿತು” ಎಂದು ಒಪ್ಪಿಕೊಳ್ಳುವ ಹಾಡು ಮೊದಲ ಸಲ ಜಾಸ್ತಿ ಅಳಿಸಬಹುದು, ಆದರೆ ಅದು ಹೊಸ್ತಿಲು ದಾಟಿಸುತ್ತದೆ. ಇದು ಪ್ರಯೋಗಶಾಲೆಯಲ್ಲಿ ಅಳೆದ ಮಾತಲ್ಲ, ನನ್ನ ಓದು. ಆದರೆ ಎಷ್ಟೋ ಜನರ ಹಾಡಿನ ಪಟ್ಟಿ ನೋಡಿದ ಮೇಲೆ ಬಂದ ಓದು.

ಅಕ್ಕನೂ ಸರಿಯಾಗುವುದು ಯಾವಾಗ?

ಕೆಲವರಿಗೆ ದುಃಖದ ಹಾಡು ನಿಜವಾಗಿಯೂ ಹಾನಿ ಮಾಡುತ್ತದೆ. ಆಸ್ಟ್ರೇಲಿಯಾದ ಸಾಂಡ್ರಾ ಗಾರಿಡೊ ಮತ್ತು ಎಮರಿ ಶೂಬರ್ಟ್ 2015ರಲ್ಲಿ, ಜನ ತಾವೇ ಆರಿಸಿಕೊಂಡ ದುಃಖದ ಹಾಡು ಕೇಳಿದ ಮೇಲೆ ಅವರ ಮನಸ್ಥಿತಿ ಏನಾಗುತ್ತದೆ ಎಂದು ನೋಡಿದರು. ಕೊರಗುವ ಸ್ವಭಾವ ಹೆಚ್ಚಿದ್ದವರಲ್ಲಿ ಖಿನ್ನತೆಯ ಭಾವ ಮತ್ತಷ್ಟು ಏರಿತ್ತು. ಅದೇ ವರ್ಷ ಫಿನ್ಲೆಂಡಿನ ಯೂವಾಸ್ಕೂಲಾ ವಿಶ್ವವಿದ್ಯಾಲಯದ ಅಧ್ಯಯನವೊಂದು, ನೋವನ್ನು ಹೊರಹಾಕಲೆಂದು ದುಃಖದ ಅಥವಾ ಆಕ್ರೋಶದ ಸಂಗೀತ ಕೇಳುವವರಲ್ಲಿ, ಮುಖ್ಯವಾಗಿ ಗಂಡಸರಲ್ಲಿ, ಆತಂಕದ ಮಟ್ಟ ಹೆಚ್ಚಿರುವುದನ್ನು ಗುರುತಿಸಿತು. ಹಾಡಿನಿಂದ ಆತಂಕ ಬಂತೋ, ಆತಂಕದವರೇ ಆ ಹಾಡಿಗೆ ಹೋದರೋ ಎಂದು ಅದು ಹೇಳಲಾರದು.

ಇದರ ಎದುರಿಗೆ ಇನ್ನೊಂದು ಫಲಿತಾಂಶವಿದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಖಿನ್ನತೆಯಿದ್ದ 38 ಯುವತಿಯರು ದುಃಖದ ಸಂಗೀತವನ್ನೇ ಹೆಚ್ಚು ಇಷ್ಟಪಟ್ಟರು. ದುಃಖದಲ್ಲೇ ಮುಳುಗಿರಲಿಕ್ಕೆ ಎಂದಲ್ಲ, ಅದು ಶಾಂತವಾಗಿದೆ, ಕೇಳಿದರೆ ಮನಸ್ಸು ತಣಿಯುತ್ತದೆ ಎಂದು. ಕೇಳಿದ ಮೇಲೆ ಅವರ ಬೇಸರ ಕಡಿಮೆಯೇ ಆಗಿತ್ತು.

ಹಾಗಾದರೆ ವ್ಯತ್ಯಾಸ ಹಾಡಿನಲ್ಲಿಲ್ಲ, ಹಾಡಿನ ಜೊತೆ ಮನಸ್ಸು ಏನು ಮಾಡುತ್ತಿದೆ ಎಂಬುದರಲ್ಲಿದೆ. ಅಳುವುದು ಬೇರೆ, ಕೊರಗುವುದು ಬೇರೆ. ಅಳುವಿಗೆ ಒಂದು ಕೊನೆಯಿದೆ. ಕೊರಗು ಗಾಣದ ಎತ್ತಿನಂತೆ ಒಂದೇ ಸುತ್ತು ಹಾಕುತ್ತದೆ: ಅಂದು ನಾನು ಹಾಗೆ ಅನ್ನದಿದ್ದರೆ, ಆ ಫೋನು ಎತ್ತಿದ್ದರೆ, ಅವಳಲ್ಲಿ ಇರುವುದು ನನ್ನಲ್ಲಿ ಏನಿಲ್ಲ. ಕಿವಿಯಲ್ಲಿ ಹಾಡು ಓಡುತ್ತಿರುತ್ತದೆ, ಆದರೆ ಕೇಳುತ್ತಿರುವುದು ಹಾಡನ್ನಲ್ಲ. ಹಾಡು ಗಾಣಕ್ಕೆ ಹಿನ್ನೆಲೆ ಸಂಗೀತವಾಗಿರುತ್ತದೆ.

ಅಳುವುದೋ ಕೊರಗುವುದೋ ಎಂದು ತಿಳಿಯುವುದು ಹಾಡು ನಡೆಯುತ್ತಿರುವಾಗಲ್ಲ, ನಿಂತ ಮೇಲೆ. ಇಟಲಿಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ 24 ಜನರಿಗೆ ಬೇರೆ ಬೇರೆ ಸಂಗೀತ ಕೇಳಿಸಿ ಎದೆಬಡಿತ, ಉಸಿರಾಟ, ರಕ್ತದೊತ್ತಡ ಅಳೆಯುತ್ತಿದ್ದರು. ಉಸಿರಾಟ ಲಯದ ವೇಗವನ್ನು ಹಿಂಬಾಲಿಸುತ್ತಿತ್ತು, ಅದು ನಿರೀಕ್ಷಿತವೇ. ಅನಿರೀಕ್ಷಿತವಾಗಿ ಸಿಕ್ಕಿದ್ದು, ನಡುವೆ ಬಿಟ್ಟಿದ್ದ ಎರಡು ನಿಮಿಷದ ಮೌನದಲ್ಲಿ ದೇಹ ಶುರುವಿಗಿಂತಲೂ ಹೆಚ್ಚು ಸಡಿಲಗೊಂಡಿತ್ತು. ಹಾಡು ಹಿಡಿದಿಟ್ಟ ಗಮನವನ್ನು ಬಿಟ್ಟುಕೊಟ್ಟಾಗ ವಿಶ್ರಾಂತಿ ಬರುತ್ತದೆ.

ನನ್ನ ಕಾಲದ ಪ್ರೇಮಭಂಗಕ್ಕೆ ಈ ಮೌನ ತಾನಾಗಿಯೇ ಸಿಗುತ್ತಿತ್ತು. ಮೈಸೂರಿನ ಬಾಡಿಗೆ ಕೋಣೆಯಲ್ಲಿ ಟೇಪ್ ರೆಕಾರ್ಡರಿನಲ್ಲಿ ಹಾಡು ಮುಗಿದರೆ ಮತ್ತೆ ಕೇಳಲು ರಿವೈಂಡ್ ಒತ್ತಬೇಕಿತ್ತು. ಕ್ಯಾಸೆಟ್ ಹಿಂದಕ್ಕೆ ಸುತ್ತುವಷ್ಟು ಹೊತ್ತು ಬರೀ ಗುಂಯ್ ಎನ್ನುವ ಸದ್ದು. ಕೆಲವೊಮ್ಮೆ ಸೆಲ್ ಉಳಿಸಲು ಕ್ಯಾಸೆಟ್ ಹೊರಗೆ ತೆಗೆದು ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತುತ್ತಿದ್ದೆ. ಒಂದು ಬದಿ ಮುಗಿದರೆ ಟಕ್ ಎಂದು ಗುಂಡಿ ಮೇಲೆದ್ದು ಎಲ್ಲ ನಿಂತುಹೋಗುತ್ತಿತ್ತು. ಆ ಮೌನದಲ್ಲಿ ಹಸಿವಾಗಿದೆ ಎಂದು ಗೊತ್ತಾಗುತ್ತಿತ್ತು, ಎದ್ದು ಮೆಸ್ಸಿಗೆ ಹೋಗುತ್ತಿದ್ದೆ. ಈಗಿನ ಮೊಬೈಲಿಗೆ ಆ ಟಕ್ ಇಲ್ಲ. ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡನ್ನು ತಾನೇ ಗಂಟು ಹಾಕುತ್ತದೆ. ಅಳು ಮುಗಿದದ್ದು ತಿಳಿಯುವಷ್ಟೂ ಬಿಡುವಿಲ್ಲ.

ಐದು ನಿಮಿಷ

ಹಾಸನದಿಂದ ಹೊರಡುವ ಮುನ್ನ ಅವಳಿಗೆ ಹೇಳಿದ್ದು ಇಷ್ಟೇ. “ಹಾಡು ಕೇಳಬೇಡ ಅನ್ನಲ್ಲ. ಅದೇ ಹಾಡು ಕೇಳು. ಆದ್ರೆ ರಿಪೀಟ್ ತೆಗೆದುಬಿಡು. ಮುಗಿದ ಮೇಲೆ ಐದು ನಿಮಿಷ ಏನೂ ಹಾಕದೆ ಕೂತ್ಕೊ. ಆಮೇಲೆ ಹೇಗನ್ನಿಸ್ತು ನೋಡು.”

ಐದು ಎಂಬುದಕ್ಕೆ ಶಾಸ್ತ್ರಾಧಾರವಿಲ್ಲ, ಎರಡಕ್ಕಿಂತ ಸ್ವಲ್ಪ ಜಾಸ್ತಿಯಿರಲಿ ಅಂತ ಹೇಳಿದ್ದು. ಆ ಬಿಡುವಿನಲ್ಲಿ ಉಸಿರು ಕೆಳಗಿಳಿದರೆ, ಬಾಯಾರಿಕೆ ಹಸಿವೆ ಗೊತ್ತಾದರೆ, ಮುಖ ತೊಳೆದು ಯಾರೊಂದಿಗಾದರೂ ಮಾತಾಡೋಣ ಅನ್ನಿಸಿದರೆ ಹಾಡು ತನ್ನ ಕೆಲಸ ಮಾಡಿದೆ. ಬದಲಿಗೆ ಬೆರಳು ತಾನಾಗಿ ಅವನ ಸ್ಟೇಟಸ್ ನೋಡಲು ಹೋದರೆ, ಎದೆಯ ಬಿಗಿ ಹಾಡು ಹಾಕುವ ಮುಂಚಿಗಿಂತ ಹೆಚ್ಚಾಗಿದ್ದರೆ, ಆ ಹಾಡು ಕೆಲವು ದಿನ ದೂರವಿರಲಿ. ಹಾಡು ಕೇಳಿದರೂ ಬಿಟ್ಟರೂ ಎರಡು ವಾರದವರೆಗೆ ನಿದ್ದೆ, ಊಟ, ಕೆಲಸ ಯಾವುದೂ ಹತ್ತಿರ ಸುಳಿಯದಿದ್ದರೆ, ಅಥವಾ ಬದುಕುವುದೇ ಬೇಡ ಅನ್ನಿಸತೊಡಗಿದರೆ ಅದು ಹಾಡಿನ ಕೈಮೀರಿದ ಸಂಗತಿ. ಬದುಕು ಬೇಡ ಅನ್ನಿಸಿದಾಗಲಂತೂ ಎರಡು ವಾರ ಕಾಯಬಾರದು. ಅದಕ್ಕೆಂದೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.

ಅವಳು ರಜೆ ಮುಗಿಸಿ ಬೆಂಗಳೂರಿಗೆ ಮರಳಿದಳು. ದೀಪಾವಳಿಗೆ ಎಲ್ಲರೂ ಮತ್ತೆ ಹಾಸನದಲ್ಲಿ ಸೇರಿದ್ದೆವು. ಎಣ್ಣೆಸ್ನಾನ ಮುಗಿಸಿ ತಲೆ ಒಣಗಿಸಿಕೊಳ್ಳುತ್ತಾ ಕೂತಿದ್ದವಳ ಮೊಬೈಲಿನಲ್ಲಿ ಆಷಾಢದ ಅದೇ ಹಾಡು ಬಂತು. ಅಕ್ಕ ಕಣ್ಣಲ್ಲೇ ನನ್ನ ಕಡೆ ನೋಡಿದಳು. ಎರಡನೆಯ ಚರಣದವರೆಗೆ ಕೇಳಿದ ಅವಳು ಬಾಚಣಿಗೆ ನಿಲ್ಲಿಸಿದಳು.

“ಮಾಮ, ಇಲ್ಲಿ ಪಿಟೀಲು ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ? ಕೊಳಲೊಂದೇ ಇದ್ದಿದ್ರೆ ಸಾಕಿತ್ತು.”

ಅಷ್ಟು ದಿನ ಅದು ಅವಳ ಕಥೆಯಾಗಿತ್ತು. ಅವತ್ತು ಹಾಡಾಯಿತು.